ಏಳನೇ ಸ್ಥಾನದ ಮಂಜ

ನಮ್ಮ ಓಣಿಯ ಮಂಜ ಸ್ಲಾಟ್ ಟೂರ್ನಮೆಂಟಿನಲ್ಲಿ, ಅಂದರೆ ಫೋನಿನಲ್ಲಿ ಚಿತ್ರಗಳ ಚಕ್ರ ತಿರುಗಿಸುವ ಜೂಜಿನ ಸ್ಪರ್ಧೆಯಲ್ಲಿ, ಏಳನೇ ಸ್ಥಾನ ಬಂದಿದ್ದಾನೆ. ದಾವಣಗೆರೆಯ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ಮೊನ್ನೆ ಸಂಜೆ ಇದೇ ಸುದ್ದಿ. ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯಲ್ಲೂ ಕಾಣದ ಹೆಸರು ಲೀಡರ್‌ಬೋರ್ಡಿನಲ್ಲಿ ಮಿಂಚಿದರೆ ಸ್ಟೇಟಸ್ಸಿಗೆ ಹಾಕದೆ ಇರಲಾಗುತ್ತದೆಯೇ? ದುಡ್ಡಿನ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಸೈಟು ಹೊರದೇಶದ್ದು, ಕೀರ್ತಿಯೂ ಅಂತಾರಾಷ್ಟ್ರೀಯ.

"ಎಂಟ್ರಿ ಬರೀ ನೂರು ರೂಪಾಯಿ ಅಣ್ಣ. ಬಹುಮಾನ 12,000, ಗ್ಯಾರಂಟಿ!"

ಮಿರ್ಚಿ ಕಟ್ಟಿದ ಪೇಪರಿನ ಮೇಲೆಯೇ ಲೆಕ್ಕಕ್ಕೆ ಕೂತೆ. ಆಡಿದವರು 160 ಜನ. ಪ್ರತಿಯೊಬ್ಬರಿಗೂ ಐದು ನಿಮಿಷ. ಸ್ಕೋರು ಸಾಲದಿದ್ದರೆ ಮತ್ತೆ ನೂರು ಕಟ್ಟಿ ಮತ್ತೊಮ್ಮೆ ಆಡಬಹುದು. ಇದಕ್ಕೆ ರೀ-ಎಂಟ್ರಿ ಎನ್ನುತ್ತಾರೆ. ಅಂಥವು 140. ಲೀಡರ್‌ಬೋರ್ಡಿನಲ್ಲಿ ಕಾಣುವುದು ಒಬ್ಬೊಬ್ಬರ ಒಳ್ಳೆಯ ಸ್ಕೋರು ಮಾತ್ರ, ಅದಕ್ಕೆ ಎಷ್ಟು ಸಲ ದುಡ್ಡು ಕಟ್ಟಿದರು ಎಂಬುದಲ್ಲ. ಒಟ್ಟು 300 ಎಂಟ್ರಿ, ಅಂದರೆ 30,000 ರೂಪಾಯಿ. ಹಂಚಿದ್ದು 12,000. ನೂರಕ್ಕೆ ನಲವತ್ತು ಆಡಿದವರಿಗೆ, ಅರವತ್ತು ಆಡಿಸಿದವನಿಗೆ.

"ಜನ ಕಡಿಮೆ ಬಂದಿದ್ರೆ ಅವರೇ ಕೈಯಿಂದ ಹಾಕ್ಬೇಕಿತ್ತಲ್ಲಣ್ಣ?" ಎಂದ ಮಂಜ. ಹುಡುಗ ದಡ್ಡನಲ್ಲ. 90 ಎಂಟ್ರಿ ಆಗಿದ್ದರೆ ಬರುತ್ತಿದ್ದದ್ದು 9,000, ಉಳಿದ 3,000 ಆಡಿಸುವವನ ಜೇಬಿನಿಂದ. ಆಡುವವನಿಗೆ ಲಾಭವಿರುವುದು ಅಂಥ ದಿನ ಒಂದೇ. ನಿಯಮಗಳ ಪುಟದ ತಳಕ್ಕೆ ಬೆರಳು ಜಾರಿಸಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: 120 ಎಂಟ್ರಿ ಆಗದಿದ್ದರೆ ಟೂರ್ನಮೆಂಟ್ ರದ್ದು. ಗ್ಯಾರಂಟಿ ಯಾರಿಗೆ ಎಂದು ಆಗ ತಿಳಿಯಿತು.

ಇದೇ ಮಂಜನ ಅವ್ವ ಚೀಟಿ ಹಾಕಿದ್ದಾರೆ. ಕಾನೂನು ಪ್ರಕಾರ ಚೀಟಿ ನಡೆಸುವವನ ಕಮಿಷನ್ನು ನೂರಕ್ಕೆ ಐದು ಮೀರುವಂತಿರಲಿಲ್ಲ. 2019ರ ತಿದ್ದುಪಡಿ ಅದನ್ನು ಏಳು ಮಾಡಿತು. ಆ ಎರಡು ರೂಪಾಯಿಗೆ ಆಯಮ್ಮ ಇಡೀ ಓಣಿ ಎದ್ದು ಬರುವಂತೆ ಜಗಳ ಆಡಿದ್ದರು. ಮಗ ಅರವತ್ತು ಕೊಟ್ಟು ಸ್ಟೇಟಸ್ ಹಾಕಿದ್ದಾನೆ.

ಏಳನೇ ಬಹುಮಾನ 300 ರೂಪಾಯಿ. ಮಂಜ ಆಡಿದ್ದು ಏಳು ಸಲ, 700. ಆ 300 ಕೂಡ ನಗದಲ್ಲ, ಬೋನಸ್ಸು. ಇಪ್ಪತ್ತು ಪಟ್ಟು, ಅಂದರೆ 6,000 ರೂಪಾಯಿಯ ಪಂದ್ಯ ಅದೇ ಸ್ಲಾಟಿನಲ್ಲಿ ಕಟ್ಟಿದ ಮೇಲೆಯೇ ತೆಗೆಯಬಹುದಂತೆ. ಆ ಸ್ಲಾಟು ಸರಾಸರಿ ನೂರಕ್ಕೆ ತೊಂಬತ್ತೈದು ಹಿಂದಿರುಗಿಸುತ್ತದೆ ಎಂದು ಅವರೇ ಬರೆದುಕೊಂಡಿದ್ದಾರೆ. 6,000ಕ್ಕೆ ನೂರಕ್ಕೆ ಐದರಂತೆ ಹೋಗುವುದು ಎಷ್ಟು? ಸರಿಯಾಗಿ 300.

ಇಷ್ಟೂ ಹೊತ್ತು ಬಾಣಲೆ ಮುಂದೆ ಕಿವಿಗೊಟ್ಟು ನಿಂತಿದ್ದ ಅಂಗಡಿಯವನ ಕಣ್ಣು ಮಿನುಗಿತು. "ಹಂಗಾದ್ರೆ ಸಾರ್, ಹತ್ತು ಜನರ ಹತ್ರ ದುಡ್ಡು ಇಸ್ಕೊಂಡು ನಾಕೇ ಪ್ಲೇಟ್ ಮಿರ್ಚಿ ಕೊಟ್ಟು, ಎಲ್ಲರ ಹೆಸರೂ ಬೋರ್ಡಿನ ಮ್ಯಾಲೆ ಬರದ್ರೆ ನಡೀತದಾ?"

ಮಂಜ ಫೋನಿನಿಂದ ತಲೆ ಎತ್ತಿ ಕೇಳಿದ: "ಏಳನೇ ಸ್ಥಾನಕ್ಕೆ ಎಷ್ಟು ಮಿರ್ಚಿ?"