ಒಂದೂವರೆ ಲಕ್ಷದಲ್ಲಿ ಈಗಾಗಲೇ ತುಂಬಿರುವುದೆಷ್ಟು?

ತೆರಿಗೆ ಉಳಿಸುವ ಹೂಡಿಕೆಯ ದಾಖಲೆಗಳನ್ನು ಕೊಡಿ ಎಂದು ಕಚೇರಿಯಿಂದ ಪತ್ರ ಬಂದೊಡನೆ ಸಂಬಳದಾರರು ಆತುರದಿಂದ ಯಾವುದೋ ವಿಮಾ ಪಾಲಿಸಿಗೆ ಸಹಿ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಲ್ಲಿ ಹಣ ಹಾಕಬೇಕು ಎನ್ನುವುದಕ್ಕೂ ಮೊದಲು, ಹಾಕುವ ಅಗತ್ಯವಿದೆಯೇ ಎಂದು ನೋಡಬೇಕು.

ಕೆಲವು ಬಗೆಯ ಉಳಿತಾಯ, ವೆಚ್ಚಗಳನ್ನು ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ತೆರಿಗೆಯ ಆದಾಯದಿಂದ ಕಳೆಯಲು ಬಿಡುವ 80ಸಿ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲವೇ ಇಲ್ಲ. 2025-26ರ ಆರ್ಥಿಕ ವರ್ಷದಿಂದ ಆ ಪದ್ಧತಿಯಲ್ಲಿ ಸಂಬಳವಷ್ಟೇ ಆದಾಯವಾಗಿರುವವರಿಗೆ 12.75 ಲಕ್ಷದವರೆಗೆ ತೆರಿಗೆ ಬರುವುದಿಲ್ಲವಾದ್ದರಿಂದ, ಅಂಥವರು ತೆರಿಗೆಗಾಗಿಯೇ ಹಣ ಕಟ್ಟಿಹಾಕಿದರೆ ಉಳಿಯುವುದು ಏನೂ ಇಲ್ಲ.

ಹಳೆಯ ಪದ್ಧತಿ ಲಾಭವಾಗುವುದು ಮನೆ ಬಾಡಿಗೆ ಭತ್ಯೆ, ಗೃಹಸಾಲದ ಬಡ್ಡಿ ಮುಂತಾದ ದೊಡ್ಡ ಕಡಿತಗಳಿರುವವರಿಗೆ. ನನ್ನ ಸಹೋದ್ಯೋಗಿಯೊಬ್ಬರು ಅಂಥವರು. ವರ್ಷಕ್ಕೆ 18 ಲಕ್ಷ ಸಂಬಳ. ನಗರದಲ್ಲಿ ಬಾಡಿಗೆ ಮನೆ, ಊರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಸ್ವಂತ ಮನೆ. ತೆರಿಗೆ ಉಳಿಸಲೆಂದು ಅವರು ಐದು ವರ್ಷದ ಟ್ಯಾಕ್ಸ್ ಸೇವರ್ ಎಫ್‌ಡಿಯಲ್ಲಿ ಒಂದು ಲಕ್ಷ ಇಡಲು ಹೊರಟಿದ್ದರು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮೂಲವೇತನ ತಿಂಗಳಿಗೆ 75,000. ಅದರ ಶೇಕಡ 12ರಂತೆ ಅವರ ಪಾಲಿನ ಪಿಎಫ್ ವರ್ಷಕ್ಕೆ 1,08,000. ಗೃಹಸಾಲದ ಕಂತಿನಲ್ಲಿ ಅಸಲಿಗೆ ಹೋಗುವ ಭಾಗವೂ 80ಸಿಗೆ ಸೇರುತ್ತದೆ ಎಂಬುದನ್ನು ಅವರು ಮರೆತಿದ್ದರು. ಬ್ಯಾಂಕಿನ ಪ್ರಮಾಣಪತ್ರದ ಪ್ರಕಾರ ಅದು 30,000. ಅಲ್ಲಿಗೆ 1,38,000 ತುಂಬಿತು, ಉಳಿದದ್ದು 12,000 ಮಾತ್ರ. ಶೇಕಡ 30ರ ದರಕ್ಕೆ ಸೆಸ್ ಸೇರಿಸಿದರೂ ಅದರಿಂದ ಉಳಿಯುವ ತೆರಿಗೆ 3,744 ರೂಪಾಯಿ. ಉಳಿದ 88,000 ಒಂದು ರೂಪಾಯಿ ತೆರಿಗೆಯನ್ನೂ ಉಳಿಸದೆ ಐದು ವರ್ಷ ಸಿಕ್ಕಿಬೀಳುತ್ತಿತ್ತು. ಈ ಬಗೆಯ ಎಫ್‌ಡಿಯನ್ನು ಅವಧಿಗೆ ಮುನ್ನ ಮುರಿಸುವಂತಿಲ್ಲ, ಅಡವಿಟ್ಟು ಸಾಲ ಪಡೆಯುವಂತೆಯೂ ಇಲ್ಲ. ಬಡ್ಡಿಗೆ ತೆರಿಗೆ ಮಾತ್ರ ತಪ್ಪುವುದಿಲ್ಲ.

ಆ 12,000ಕ್ಕೆ ಷೇರುಗಳಲ್ಲಿ ಹಣ ತೊಡಗಿಸುವ ಇಎಲ್‌ಎಸ್‌ಎಸ್ ಫಂಡ್ ಒಂದು ದಾರಿಯಾಗಿತ್ತು. ಹಣ ತೆಗೆಯಲಾಗದ ಅದರ ಮೂರು ವರ್ಷದ ಅವಧಿ ಇವುಗಳಲ್ಲೆಲ್ಲ ಕಡಿಮೆ. ಆದರೆ ತಿಂಗಳ ಕಂತುಗಳಲ್ಲಿ ಹಾಕುವ ಎಸ್‌ಐಪಿ ಮಾಡಿದರೆ ಪ್ರತಿ ಕಂತಿಗೂ ಮೂರು ವರ್ಷ ಬೇರೆಬೇರೆಯಾಗಿ ಎಣಿಕೆಯಾಗುತ್ತದೆ, ಮತ್ತು ಹಣ ಬೇಕಾದ ಹೊತ್ತಿಗೆ ಷೇರು ಮಾರುಕಟ್ಟೆ ಇಳಿದಿರಲೂಬಹುದು. ಅವರಿಗೆ ಹತ್ತು ವರ್ಷದ ಹಿಂದೆ ತೆರೆದು ವರ್ಷಕ್ಕೆ ಕನಿಷ್ಠ ಮೊತ್ತವಾದ 500 ರೂಪಾಯಿ ಕಟ್ಟುತ್ತ ಜೀವಂತವಾಗಿಟ್ಟಿದ್ದ ಪಿಪಿಎಫ್ ಖಾತೆಯೊಂದಿತ್ತು. ಪಿಪಿಎಫ್‌ನ ಹದಿನೈದು ವರ್ಷದ ಅವಧಿ ಖಾತೆ ತೆರೆದ ಆರ್ಥಿಕ ವರ್ಷ ಮುಗಿದಲ್ಲಿಂದ ಲೆಕ್ಕಕ್ಕೆ ಬರುತ್ತದೆಯೇ ಹೊರತು ಪ್ರತಿ ಕಂತಿಗೂ ಹೊಸದಾಗಿ ಅಲ್ಲ. ಹಾಗಾಗಿ ಈಗ ಹಾಕುವ ಹಣಕ್ಕೆ ಅವರು ಕಾಯಬೇಕಾದದ್ದು ಸುಮಾರು ಐದೇ ವರ್ಷ, ಬಡ್ಡಿಗೂ ತೆರಿಗೆಯಿಲ್ಲ. 12,000 ಅಲ್ಲಿಗೆ ಹೋಯಿತು.

88,000ವನ್ನು ಅವರು ಸಾಮಾನ್ಯ ಎಫ್‌ಡಿಯಲ್ಲಿಟ್ಟರು. ಏಳು ತಿಂಗಳ ನಂತರ ತಂದೆಯವರ ಶಸ್ತ್ರಚಿಕಿತ್ಸೆಗೆಂದು ಅದನ್ನು ಮುರಿಸಬೇಕಾಯಿತು. ಬಡ್ಡಿ ಸ್ವಲ್ಪ ಕಡಿಮೆಯಾಯಿತು, ಹಣ ಅಂದೇ ಕೈಗೆ ಬಂತು.