ಭಾವನ ಸಿಎ ಮತ್ತು ಅಡಿಟಿಪ್ಪಣಿಯ ಪುಟ್ಟ ಅಕ್ಷರಗಳು

ನಮ್ಮ ಭಾವ ನಿವೃತ್ತ ಬ್ಯಾಂಕ್ ಮ್ಯಾನೇಜರ್. ರಿಯಾಯಿತಿ ಎಂಬ ಪದ ಕಂಡರೆ ಬಸ್ಸಿನಿಂದಲೂ ಇಳಿದುಬಿಡುವವರು. ಅಪಾರ್ಟ್‌ಮೆಂಟಿನ ಗೇಟಿನ ಬಳಿ ಒಂದು ಪ್ರಯೋಗಾಲಯದವರು ಬ್ಯಾನರ್ ಕಟ್ಟಿದ್ದರು: ‘ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚಿ! 89 ಪರೀಕ್ಷೆಗಳು, 4,999 ರೂಪಾಯಿಯದು ಕೇವಲ 1,999ಕ್ಕೆ.’ ಒಂದು ಪರೀಕ್ಷೆಗೆ ಇಪ್ಪತ್ತೆರಡೂವರೆ ರೂಪಾಯಿ ಬಿತ್ತು ಎಂದು ಭಾವ ಅಲ್ಲೇ ನಿಂತು ಲೆಕ್ಕ ಹಾಕಿದರು. ಈಗ ಮಸಾಲೆ ದೋಸೆಯೂ ಆ ಬೆಲೆಗೆ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೋಳು ಚಾಚಿಯೇಬಿಟ್ಟರು.

ವರದಿ ಬಂತು. ಪ್ಲಾಸ್ಟಿಕ್ ಹೊದಿಕೆಯ ಫೈಲು, ಹದಿನಾಲ್ಕು ಪುಟ, ಮದುವೆಯ ಕರೆಯೋಲೆಗಿಂತ ದಪ್ಪ ಕಾಗದ. ಹನ್ನೊಂದನೆಯ ಪುಟದಲ್ಲಿ ಕೆಂಪು ಬಾಣ: ‘ಸಿಎ 19-9: 61. ಸಾಮಾನ್ಯ ಮಟ್ಟ: 37ರ ಒಳಗೆ.’

ಈ ‘ಸಿಎ’ ಎಂಬ ಎರಡಕ್ಷರದ ಮಹಿಮೆಯನ್ನು ಸ್ವಲ್ಪ ಹೇಳಬೇಕು. ಬ್ಯಾಂಕಿನಲ್ಲಿದ್ದಷ್ಟು ಕಾಲ ಭಾವನಿಗೆ ಸಿಎ ಎಂದರೆ ಲೆಕ್ಕಪರಿಶೋಧಕ, ಆಗಲೂ ಭಯವೇ. ಆಸ್ಪತ್ರೆಯ ಚೀಟಿಗಳಲ್ಲಿ ವೈದ್ಯರು ಕ್ಯಾನ್ಸರಿಗೆ ‘ಸಿಎ’ ಎಂದೇ ಗೀಚುತ್ತಾರೆ. ಹೀಗಾಗಿ ವರದಿಯನ್ನು ಓದಿದ ಅಕ್ಕನಿಗೆ ಅದು ‘ಕ್ಯಾನ್ಸರ್, ಹತ್ತೊಂಬತ್ತು, ಒಂಬತ್ತು’ ಎಂದು ಕಂಡಿತು. ಹಂತ ಹತ್ತೊಂಬತ್ತೋ, ತಿಂಗಳು ಒಂಬತ್ತೋ ಎಂದು ಅವಳು ಫೋನಿನಲ್ಲಿ ಅಳುತ್ತ ಕೇಳಿದಳು. ವಾಸ್ತವದಲ್ಲಿ ಇಲ್ಲಿನ ಸಿಎ ಎಂದರೆ ಕಾರ್ಬೋಹೈಡ್ರೇಟ್ ಆ್ಯಂಟಿಜೆನ್, ಒಂದು ಬಗೆಯ ಸಕ್ಕರೆ ಸರಪಳಿ. ನಮ್ಮ ನಿಮ್ಮ ಪಿತ್ತನಾಳ, ಮೇದೋಜೀರಕ ಗ್ರಂಥಿಗಳ ಒಳಪದರ ಇದನ್ನು ಆರೋಗ್ಯವಾಗಿದ್ದಾಗಲೂ ಚೂರುಚೂರು ತಯಾರಿಸುತ್ತದೆ. ಪಿತ್ತದ ಹರಿವಿಗೆ ಕಲ್ಲು ಅಡ್ಡ ಬಂದರೆ, ಕಾಮಾಲೆ ಬಂದರೆ, ಮೇದೋಜೀರಕ ಊದಿಕೊಂಡರೆ, ಅಷ್ಟೇಕೆ, ಸಕ್ಕರೆ ಕಾಯಿಲೆ ಹದ್ದು ಮೀರಿದರೂ ಇದು ರಕ್ತದಲ್ಲಿ ಏರುತ್ತದೆ. ಮೇದೋಜೀರಕದ ಕ್ಯಾನ್ಸರಿನಲ್ಲಿಯೂ ಏರುತ್ತದೆ. ಯಾವ ಕಾರಣಕ್ಕೆ ಏರಿತು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಬಾಗಿಲು ಬಡಿದ ಸದ್ದು ಕೇಳುತ್ತದೆ. ಬಂದವರು ಹಾಲಿನವರೋ ಕಳ್ಳರೋ ಗೊತ್ತಾಗುವುದಿಲ್ಲ.

ಇನ್ನು ಭಾವನ ಮೆರವಣಿಗೆ. ಮೊದಲು ಹೊಟ್ಟೆಯ ಸ್ಕ್ಯಾನ್. ‘ಕರುಳಿನ ಗ್ಯಾಸಿನಿಂದಾಗಿ ಮೇದೋಜೀರಕ ಗ್ರಂಥಿ ಸ್ಪಷ್ಟವಾಗಿ ಕಾಣಲಿಲ್ಲ’ ಎಂದು ವರದಿ. ಹಿಂದಿನ ರಾತ್ರಿಯ ಅವರೆಕಾಳಿನ ಹುಳಿಗೆ ಇಂಥ ಪ್ರಾಮುಖ್ಯ ಬರುತ್ತದೆಂದು ಅಕ್ಕ ಕನಸಿನಲ್ಲಿಯೂ ಎಣಿಸಿರಲಿಲ್ಲ. ಕಾಣಲಿಲ್ಲವಾದ್ದರಿಂದ ಸಿಟಿ ಸ್ಕ್ಯಾನ್. ಅದಕ್ಕೆ ನರದೊಳಗೆ ಬಣ್ಣದ ಔಷಧಿ ಹಾಕಬೇಕಾದ್ದರಿಂದ ಸಕ್ಕರೆಯ ಮಾತ್ರೆಯನ್ನು ಎರಡು ದಿನ ನಿಲ್ಲಿಸಿ ಎಂದರು. ಭಾವ ಹೆದರಿಕೆಯಲ್ಲಿ ಎರಡು ವಾರ ನಿಲ್ಲಿಸಿದರು. ಮೇದೋಜೀರಕ ಶುಭ್ರವಾಗಿತ್ತು. ಆದರೆ ಸ್ಕ್ಯಾನಿನ ಮೇಲಂಚಿನಲ್ಲಿ ಶ್ವಾಸಕೋಶದ ತುದಿಯಲ್ಲಿ ಐದು ಮಿಲಿಮೀಟರಿನ ಚುಕ್ಕೆಯೊಂದು ಕಂಡಿತು. ಆ ಚುಕ್ಕೆ ಬಹುಶಃ ಅವರು ಗುಮಾಸ್ತರಾಗಿದ್ದ ಕಾಲದಿಂದಲೂ ಅಲ್ಲೇ ಇತ್ತು, ಯಾರಿಗೂ ತೊಂದರೆ ಕೊಡದೆ. ಈಗ ಅದಕ್ಕೂ ಒಂದು ಫೈಲು ತೆರೆಯಿತು.

ನಡುವೆ ಎರಡನೆಯ ಪ್ರಯೋಗಾಲಯದಲ್ಲಿ ಸಿಎ ಮತ್ತೆ ಪರೀಕ್ಷಿಸಿದರು: 48. ಮನೆಯಲ್ಲಿ ಮೈಸೂರುಪಾಕು ಹಂಚಿದರು. ಹತ್ತು ದಿನ ಬಿಟ್ಟು ಮೂರನೆಯ ಕಡೆ: 70. ಮೈಸೂರುಪಾಕು ತಿಂದವರೆಲ್ಲ ಸಾಂತ್ವನ ಹೇಳಲು ಮರಳಿ ಬಂದರು. ಭಾವನ ದೇಹದಲ್ಲಿ ಅಷ್ಟು ಬೇಗ ಇಳಿದು ಏರಿದ್ದಾದರೂ ಏನು? ಹೆಚ್ಚಿನಂಶ ಏನೂ ಇಲ್ಲ. ಒಂದೊಂದು ಕಂಪನಿಯ ಯಂತ್ರ, ಒಂದೊಂದು ಕಿಟ್ ಈ ಸರಪಳಿಯನ್ನು ಒಂದೊಂದು ರೀತಿ ಹಿಡಿಯುತ್ತದೆ. ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಬರುತ್ತದೆ. ಒಂದು ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದನ್ನು ಇನ್ನೊಂದು ಅಂಗಡಿಯ ತಕ್ಕಡಿಯಲ್ಲಿ ತೂಗಿ, ನಡುದಾರಿಯಲ್ಲಿ ಬೆಲ್ಲ ಬೆಳೆಯಿತು ಎಂದಂತೆ.

ಕೊನೆಗೆ ನಾನೇ ಅವರನ್ನು ಒಬ್ಬ ಹಳೆಯ ಹೊಟ್ಟೆ ವೈದ್ಯರ ಬಳಿ ಕರೆದೊಯ್ದೆ. ಅವರು ಹನ್ನೊಂದನೆಯ ಪುಟವನ್ನು ಮುಟ್ಟಲಿಲ್ಲ. ಮೂರನೆಯ ಪುಟ ತೆರೆದು ಬೆರಳಿಟ್ಟರು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ: 9.8.

“ಇದನ್ನು ಯಾರೂ ನೋಡಲಿಲ್ಲವೇ?”

“ಅದು ಬಿಡಿ ಸಾರ್, ಹಳೆಯದು, ಮಾಮೂಲು” ಎಂದರು ಭಾವ.

ನಿಜವಾದ ಕಾಯಿಲೆ ಮೂರನೆಯ ಪುಟದಲ್ಲಿ ಮಾಮೂಲಾಗಿ ಕೂತಿತ್ತು. ಇಲ್ಲದ ಕಾಯಿಲೆ ಹನ್ನೊಂದನೆಯ ಪುಟದಲ್ಲಿ ಬಾಣ ಹಿಡಿದು ಕುಣಿಯುತ್ತಿತ್ತು. ವೈದ್ಯರು ಬಳಿಕ ಫೈಲಿನ ಕಟ್ಟಕಡೆಯ ಪುಟಕ್ಕೆ ಹೋಗಿ, ಇರುವೆಯ ಸಾಲಿನಂಥ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದರು: ‘ಈ ಪರೀಕ್ಷೆಯನ್ನು ಸಾಮಾನ್ಯ ಜನರಲ್ಲಿ ಕ್ಯಾನ್ಸರ್ ಪತ್ತೆಗಾಗಿ ಬಳಸತಕ್ಕದ್ದಲ್ಲ.’

ಗೇಟಿನ ಬ್ಯಾನರಿನಲ್ಲಿ ಎರಡಡಿ ಎತ್ತರದ ಅಕ್ಷರ: ಪತ್ತೆ ಹಚ್ಚಿ. ಫೈಲಿನ ತಳದಲ್ಲಿ ಇರುವೆ ಗಾತ್ರದ ಅಕ್ಷರ: ಪತ್ತೆಗೆ ಬಳಸಬೇಡಿ. ಎರಡೂ ಒಂದೇ ಕಂಪನಿಯವು. ಒಂದೇ ಬಾಯಲ್ಲಿ ‘ಬನ್ನಿ’, ‘ಬರಬೇಡಿ’ ಎರಡನ್ನೂ ಹೇಳುವುದು ಹಳೆಯ ಕಾಲದ ಅತ್ತೆಯರ ವಿದ್ಯೆ ಎಂದುಕೊಂಡಿದ್ದೆ. ಅದು ಈಗ ಪ್ರಯೋಗಾಲಯಗಳಿಗೂ ಒಲಿದಿದೆ.

ಬಳಸಿದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಕೊರಿಯಾದವರು ನಿಜವಾಗಿಯೂ ಬಳಸಿ ನೋಡಿದ್ದಾರೆ. ಯಾವ ತೊಂದರೆಯೂ ಇಲ್ಲದ 70,940 ಜನರಿಗೆ ಸಿಎ 19-9 ಪರೀಕ್ಷಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. 1,063 ಜನರಿಗೆ ಅಂಕಿ 37 ದಾಟಿತ್ತು. ಅವರಲ್ಲಿ ಮೇದೋಜೀರಕದ ಕ್ಯಾನ್ಸರ್ ಇದ್ದದ್ದು ನಾಲ್ವರಿಗೆ. ಉಳಿದ ಸಾವಿರಕ್ಕೂ ಹೆಚ್ಚು ಮಂದಿ ಕೊರಿಯಾದ ಭಾವಂದಿರು. ಪರೀಕ್ಷೆ ತೀರಾ ಕೆಟ್ಟದ್ದೇ? ಅಲ್ಲ. ಈ ಕ್ಯಾನ್ಸರ್ ಅಪರೂಪ. ಅಪರೂಪದ್ದನ್ನು ಊರಿಗೆ ಊರೇ ಜಾಲಾಡಿ ಹುಡುಕಿದರೆ, ಬಲೆಗೆ ಬೀಳುವವರಲ್ಲಿ ಬಹುಪಾಲು ಅಮಾಯಕರೇ ಆಗಿರುತ್ತಾರೆ. ಇದು ಯಂತ್ರದ ತಪ್ಪಲ್ಲ, ಎಣಿಕೆಯ ಗುಣ.

ಇದರ ತಿರುಗುಮುರುಗೂ ಉಂಟು. ನೂರರಲ್ಲಿ ಐದರಿಂದ ಹತ್ತು ಜನರಿಗೆ ಲೂಯಿಸ್ ಎಂಬ ರಕ್ತಗುಂಪಿನ ಗುರುತೇ ಇರುವುದಿಲ್ಲ. ಅಂಥವರ ದೇಹ ಈ ಸಕ್ಕರೆ ಸರಪಳಿಯನ್ನು ಹೆಣೆಯಲಾರದು. ಅವರಿಗೆ ಮೇದೋಜೀರಕದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆಯಿದ್ದರೂ ಸಿಎ ಸೊನ್ನೆಯ ಆಸುಪಾಸಿನಲ್ಲೇ ಇರಬಹುದು. ವರದಿಯಲ್ಲಿ ಹಸಿರು ಬಣ್ಣ, ಪಕ್ಕದಲ್ಲೊಂದು ನಗುಮುಖ. ಸುಳ್ಳು ಭಯಕ್ಕೆ 1,999 ರೂಪಾಯಿ ತೆತ್ತವರನ್ನಾದರೂ ಮರೆಯಬಹುದು, ಸುಳ್ಳು ಧೈರ್ಯ ಕೊಂಡವರ ಗತಿ ನೆನೆದರೆ ನನಗೆ ನಗು ಬರುವುದಿಲ್ಲ.

ಹಾಗಾದರೆ ಈ ಪರೀಕ್ಷೆ ಯಾರಿಗೆ? ಉತ್ತರ ನಮ್ಮ ಕುಟುಂಬದಲ್ಲೇ ಇತ್ತು. ನಮ್ಮ ದೊಡ್ಡಪ್ಪನ ಮೊಮ್ಮಗನಿಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಂಧುಗಳಿಗೆಲ್ಲ ‘ಹರ್ನಿಯಾ’ ಎಂದು ಹೇಳಲಾಗಿತ್ತು; ಆದದ್ದು ವೃಷಣದ ಕ್ಯಾನ್ಸರಿಗೆ. ಅವನ ಗಡ್ಡೆ ಎಎಫ್‌ಪಿ, ಅಂದರೆ ಆಲ್ಫಾ ಫೀಟೋಪ್ರೋಟೀನ್ ಎಂಬುದನ್ನು ರಕ್ತಕ್ಕೆ ಸುರಿಸುತ್ತಿತ್ತು. ಹುಟ್ಟುವ ಮೊದಲು ನಮ್ಮೆಲ್ಲರ ಯಕೃತ್ತೂ ಇದನ್ನು ಧಾರಾಳವಾಗಿ ತಯಾರಿಸಿರುತ್ತದೆ, ಹುಟ್ಟಿದ ಮೇಲೆ ನಿಲ್ಲಿಸುತ್ತದೆ. (ಹೀಗಾಗಿ ಗರ್ಭಿಣಿಯೊಬ್ಬಳು ಈ 89ರ ಪ್ಯಾಕೇಜು ಕೊಂಡರೆ, ಹೊಟ್ಟೆಯೊಳಗಿನ ಕೂಸಿನ ಕೃಪೆಯಿಂದ ಅವಳ ವರದಿಯಲ್ಲೂ ಕೆಂಪು ಬಾಣ ಗ್ಯಾರಂಟಿ.)

ಹುಡುಗನಿಗೆ ಶಸ್ತ್ರಚಿಕಿತ್ಸೆಯ ಮುನ್ನ ಅಂಕಿ 1,600. ಎಎಫ್‌ಪಿಗೆ ಒಂದು ಒಳ್ಳೆಯ ಗುಣವಿದೆ: ಸುರಿಸುವ ಗಡ್ಡೆ ಹೋದರೆ, ರಕ್ತದಲ್ಲಿ ಉಳಿದದ್ದು ಐದರಿಂದ ಏಳು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ವೈದ್ಯರು ಒಂದು ಗೀಟು ಹಾಕಿದ ಹಾಳೆಯ ಮೇಲೆ ಮೊದಲೇ ಬರೆದುಕೊಟ್ಟಿದ್ದರಂತೆ: ಒಂದು ವಾರಕ್ಕೆ ಸುಮಾರು 800, ಎರಡಕ್ಕೆ 400, ಮೂರಕ್ಕೆ 200, ನಾಲ್ಕಕ್ಕೆ 100. ಪ್ರತಿ ಸಲವೂ ಅದೇ ಪ್ರಯೋಗಾಲಯ, ಅದೇ ವಿಧಾನ. ಬಂದ ಅಂಕಿಗಳು 780, 390, 190, 95. ಎರಡು ತಿಂಗಳಾಗುವಷ್ಟರಲ್ಲಿ ಹತ್ತರ ಒಳಗೆ. ಮೂರನೆಯ ವಾರದಲ್ಲಿ ಅದು 350ರಲ್ಲೇ ತಂಗಿದ್ದರೆ, ಎಲ್ಲೋ ಒಂದಿಷ್ಟು ಉಳಿದಿದೆ ಎಂದು ಅರ್ಥ. ಸ್ಕ್ಯಾನಿಗೆ ಇನ್ನೂ ಕಾಣದ್ದನ್ನು ರಕ್ತ ಮೊದಲು ಹೇಳುತ್ತಿತ್ತು. ಇಂದಿಗೂ ಅವನು ನಿಗದಿತ ಕಾಲಕ್ಕೆ ಹೋಗಿ ಪರೀಕ್ಷಿಸಿಕೊಳ್ಳುತ್ತಾನೆ. ಒಮ್ಮೆ ತುಸು ಏರಿದರೆ ವೈದ್ಯರು ಗಾಬರಿಯಾಗುವುದಿಲ್ಲ, ಮತ್ತೊಮ್ಮೆ ನೋಡುತ್ತಾರೆ, ಏಕೆಂದರೆ ಯಕೃತ್ತು ಊದಿಕೊಂಡರೂ ಎಎಫ್‌ಪಿ ಏರಬಲ್ಲದು. ಬಿಡದೆ ಏರುತ್ತಲೇ ಹೋದರೆ ಮಾತ್ರ ಯುದ್ಧಸಿದ್ಧತೆ. ಇಲ್ಲಿ ಕಳ್ಳ ಯಾರೆಂದು ಮೊದಲೇ ಗೊತ್ತು. ಜಾಮೀನಿನ ಮೇಲೆ ಹೊರಗಿರುವವನು ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಿದಂತೆ ಈ ಪರೀಕ್ಷೆ. ಅದೇ ರಿಜಿಸ್ಟರನ್ನು ಹೊತ್ತು ಅಪಾರ್ಟ್‌ಮೆಂಟಿನ ಮನೆಮನೆಗೂ ಹೋಗಿ ಸಹಿ ಹಾಕಿಸಿ, ಕೈ ನಡುಗಿದವನನ್ನು ಹಿಡಿದರೆ ಭಾವ ಸಿಕ್ಕಿಬೀಳುತ್ತಾರೆ.

ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆಗಿರುವವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿನ ಜೊತೆಗೆ ಎಎಫ್‌ಪಿ ನೋಡುವ ಪದ್ಧತಿ ಇದೆ, ನಿಜ. ಅವರ ಅಪಾಯ ಮೊದಲೇ ತಿಳಿದದ್ದು, ಜೊತೆಗೆ ಸ್ಕ್ಯಾನೂ ಇರುತ್ತದೆ. ಬ್ಯಾನರ್ ನೋಡಿ ಬಂದವರು ಅವರಲ್ಲ.

ಮೂರು ತಿಂಗಳು ಭಾವ ಸಕ್ಕರೆಯ ಮಾತ್ರೆಯನ್ನು ಕ್ರಮವಾಗಿ ನುಂಗಿದರು, ಬೆಳಿಗ್ಗೆ ಕೆರೆ ಸುತ್ತಿದರು. ಎಚ್‌ಬಿಎ1ಸಿ 7.1ಕ್ಕೆ ಬಂತು. ಮೊದಲ ಪ್ರಯೋಗಾಲಯದಲ್ಲೇ ಸಿಎ ನೋಡಿದಾಗ 33. ಒಟ್ಟು ಖರ್ಚು ಎಷ್ಟಾಯಿತೆಂದು ಬ್ಯಾಂಕ್ ಮ್ಯಾನೇಜರು ಎಲ್ಲೂ ಬರೆದಿಡಲಿಲ್ಲ. ಅವರ ಜೀವನದಲ್ಲಿ ಇದೇ ಮೊದಲು.

ಮಹಿಳಾ ದಿನಾಚರಣೆಗೆ ಮತ್ತೆ ಸಂದೇಶ ಬಂತು. ಈ ಸಲ 97 ಪರೀಕ್ಷೆ, ಮನೆಯೊಡತಿಗೆ ಸಿಎ 125 ಸಂಪೂರ್ಣ ಉಚಿತ. ಅಂಡಾಶಯದ ಕ್ಯಾನ್ಸರಿಗಂತೆ. “ಪುಕ್ಕಟೆ ತಾನೆ, ಮಾಡಿಸಿಬಿಡೋಣವೇ?” ಎಂದರು ಭಾವ, ಕಣ್ಣಲ್ಲಿ ಹಳೆಯ ಮಿಂಚು. ನಾನು ಅಮೆರಿಕದ ಕತೆ ಹೇಳಿದೆ. ಅಲ್ಲಿ 78,216 ಮಹಿಳೆಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ವರ್ಷ ವರ್ಷ ಸಿಎ 125 ಮತ್ತು ಸ್ಕ್ಯಾನ್ ಮಾಡಿದರು. 2011ರಲ್ಲಿ ಲೆಕ್ಕ ಒಪ್ಪಿಸಿದಾಗ, ಅಂಡಾಶಯದ ಕ್ಯಾನ್ಸರಿನ ಸಾವು ಆ ಪಾಲಿನಲ್ಲಿ ಕಡಿಮೆಯಾಗಿರಲಿಲ್ಲ. ಆದರೆ 3,285 ಮಂದಿಗೆ ಇಲ್ಲದ ಕ್ಯಾನ್ಸರಿನ ಸಂಶಯ ಬಂದು, ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಯ ಮೇಜನ್ನೂ ಹತ್ತಿದ್ದರು. ಅವರಲ್ಲಿ 163 ಮಂದಿಗೆ ಅದರಿಂದಲೇ ಗಂಭೀರ ತೊಂದರೆಯಾಯಿತು.

“ಅಷ್ಟು ಜನರ ಹೊಟ್ಟೆಯನ್ನು ಸುಮ್ಮನೆ ಕೊಯ್ದರೇ?” ಎಂದಳು ಅಕ್ಕ, ಒಳಗಿನಿಂದಲೇ.

ಯುಗಾದಿ ಹತ್ತಿರವಿತ್ತು. ಅಡುಗೆಮನೆಗೆ ಹೋಗಿ ನೋಡಿದರೆ, ಹದಿನಾಲ್ಕು ಪುಟದ ಆ ಫೈಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನೀಟಾಗಿ ಕತ್ತರಿಸಿ, ತೊಳೆದು, ಎಣ್ಣೆ ಸವರಿ, ಅದರ ಮೇಲೆ ಅವಳು ಒಬ್ಬಟ್ಟು ತಟ್ಟುತ್ತಿದ್ದಳು. ಒಂದೂ ಹರಿಯದೆ ಕಾವಲಿಗೆ ಜಾರುತ್ತಿತ್ತು. ಭಾವನ ತಟ್ಟೆಗೆ ಅರ್ಧ ಬಿತ್ತು.