ಇಲ್ಲದ ಕಾಲಿಗೂ ಆರೈಕೆ

ಕಲಬುರಗಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಪಿಂಚಣಿ ಕಾಗದ ಹಿಡಿದು ನಿಂತಿದ್ದೆ. ಕೌಂಟರ್ ಮೇಲೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ತನ್ನ ರೋಗಿಯ ಆರೈಕೆ ಬಗ್ಗೆ ಬರೆದ ಕೇರ್ ಪ್ಲಾನ್ ಬೈಂಡಿಂಗಿಗೆ ಕಾಯುತ್ತ ಬಿದ್ದಿತ್ತು. ಇಣುಕಬಾರದು, ಗೊತ್ತು. ಆದರೆ ವಾರ್ಡಿನಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿದ್ದವಳ ಕಣ್ಣು ಕೇಳಬೇಕಲ್ಲ.

ರೋಗಿ 62 ವರ್ಷದ ಅವ್ವ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತು, ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದು ಐದು ದಿನ. ಮುಂದಿನ ಪುಟದಲ್ಲಿ: ‘ಎರಡೂ ಪಾದ ದಿನಾ ತೊಳೆದು ಬೆರಳ ಸಂದು ಒರೆಸುವುದು. ಎರಡೂ ಪಾದಗಳಲ್ಲಿ ನಾಡಿ ಚೆನ್ನಾಗಿ ಸಿಗುತ್ತದೆ.’ ಕತ್ತರಿಸಿ ಹೋದ ಪಾದದಲ್ಲಿ ನಾಡಿ ಹಿಡಿಯುವ ವಿದ್ಯೆ ನಮ್ಮ ಕಾಲದಲ್ಲಿ ಇರಲಿಲ್ಲ.

ನಕ್ಕು ಬಿಡಬಹುದಿತ್ತು. ಅದರ ಕೆಳಗೇ ‘ಊತ ಇಳಿಯಲು ಕಾಲ ಕೆಳಗೆ ಸದಾ ದಿಂಬು’ ಎಂದಿತ್ತು. ಮೊದಲ ದಿನಕ್ಕೆ ಸರಿ. ಐದನೇ ದಿನವೂ ಮೊಣಕಾಲ ಕೆಳಗೆ ದಿಂಬಿದ್ದರೆ ಕೀಲು ಮಡಚಿಕೊಂಡೇ ಬಿಗಿಯುತ್ತದೆ, ಆಮೇಲೆ ಕೃತಕ ಕಾಲು ಕೂಡುವುದಿಲ್ಲ. ಮೌಲ್ಯಮಾಪನದ ಅಂಕಣದಲ್ಲಿ ನೋವು ಹತ್ತರಲ್ಲಿ ಏಳರಿಂದ ಮೂರಕ್ಕೆ ಇಳಿದಿತ್ತು. ತಾರೀಖು ನಾಳೆಯದು.

ರೋಗಿ ಏನಂದರು ಎಂಬಲ್ಲಿ ‘ಗಾಯದಲ್ಲಿ ನೋವಿದೆ’ ಎಂದಷ್ಟೇ. ಅಷ್ಟರಲ್ಲಿ ಹುಡುಗಿ ಬಂದಳು. ಅವ್ವ ನಿಜವಾಗಿ ಏನಂದಳು ಅಂತ ಕೇಳಿದೆ.

“ಹೋದ ಕಾಲಿನ ಬೆರಳು ಉರೀತಾವ ಅಂತಾಳ್ರಿ ಮೇಡಂ. ಅದನ್ನ ಹ್ಯಾಂಗ ಬರೀಬೇಕ್ರಿ? ಸೀನಿಯರ್ ರೆಕಾರ್ಡಿನ್ಯಾಗ ಇಲ್ಲಲ್ಲ.”

ಪುಸ್ತಕದಲ್ಲಿ ಇದೆಯಮ್ಮ. ಕಾಲು ತೆಗೆದವರ ಅಧ್ಯಾಯದಲ್ಲಿದೆ. ಕಡಿದ ನರಗಳು ಮತ್ತು ಮಿದುಳು ಕೂಡಿ, ಇಲ್ಲದ ಬೆರಳಿಗೂ ನೋವು ಹುಟ್ಟಿಸುತ್ತವೆ. ಅದಕ್ಕೆ ಬೇರೆ ಔಷಧಿ, ಬೇರೆ ಆರೈಕೆ. ಸೀನಿಯರ್ ನಕಲು ಮಾಡಿದ್ದು ಸಕ್ಕರೆ ಕಾಯಿಲೆಯ ಅಧ್ಯಾಯ. ಕದಿಯುವುದಕ್ಕೂ ಪುಟ ಸರಿಯಾಗಿ ನೋಡಬೇಕು.

ಇಡೀ ರೆಕಾರ್ಡಿನಲ್ಲಿ ಸ್ವಂತದ್ದು ಮೊದಲ ಪುಟ ಒಂದೇ. ಅವ್ವನ ಹೆಸರು, ಗಂಡನ ಹೆಸರು, ಅಫಜಲಪುರ ತಾಲೂಕಿನ ಊರು, ಐಪಿ ನಂಬರ್, ಬೆಡ್ ನಂಬರ್, ಮಗನ ಮೊಬೈಲು, ತಿಂಗಳ ವರಮಾನ. ಒಂದಕ್ಷರ ತಪ್ಪಿಲ್ಲ, ಮುತ್ತಿನಂಥ ಬರಹ. ರೋಗಿಯ ಗುಟ್ಟು ಕಾಯುತ್ತೇನೆಂದು ಇವರೆಲ್ಲ ಮೊದಲ ವರ್ಷ ದೀಪ ಹಿಡಿದು ಪ್ರತಿಜ್ಞೆ ಮಾಡಿದವರು. ಆ ಬೆಳಕಲ್ಲೇ ಬರೆದಿದ್ದಿರಬೇಕು.

“ಹೆಸರು ತೆಗಿ, ‘ಶ್ರೀಮತಿ ಕ’ ಅಂತ ಬರಿ,” ಅಂದೆ. ಪಾಪ, ತಕ್ಷಣ ವೈಟ್ನರ್ ತೆಗೆದು ಹಚ್ಚಿದಳು. ಹಾಳೆ ಬೆಳಕಿಗೆ ಹಿಡಿದರೆ ಹಿಂಬದಿಯಿಂದ ಹೆಸರು ತಿರುವುಮುರುವಾಗಿ ಕಾಣುತ್ತಿತ್ತು.

ಊರಿನ ಹೆಸರು ಹಾಗೇ ಇತ್ತು. ಅಂಗಡಿಯವ ಇಣುಕಿದ. “ಈ ಊರಾಗ ಕಾಲು ತೆಗಿಸ್ಕೊಂಡಾಕಿ ಒಬ್ಬಾಕೇ ಅದಾಳ್ರಿ. ನಮ್ಮ ಅತ್ತೀ ಮನಿ ಬಾಜೂಕ.” ಆಮೇಲೆ ಹುಡುಗಿಯ ಕಡೆ ತಿರುಗಿದ. “ಎಷ್ಟು ಕಾಪಿ ತಂಗಿ?”

“ಮೂರು ತೆಗೀರಿ ಅಣ್ಣ. ಜೂನಿಯರ್ಸ್ ಕೇಳ್ಯಾರ.”